ಗಿಂಬಲ್ ಬೇಡ, ಕಾಲರ್ ಮೈಕ್ ಇರಲಿ

ಮಕ್ಕಳ ಶಾಲೆಯಿಂದ ಈಗ ವಿಡಿಯೊ ಪ್ರಾಜೆಕ್ಟುಗಳೂ ಬರುತ್ತಿವೆ. ಮನೆಯವರೊಬ್ಬರನ್ನು ಮಾತನಾಡಿಸಿ ಐದು ನಿಮಿಷದ ಚಿತ್ರ ಮಾಡಿ ಎಂದರೆ ಸಾಕು, ನಮ್ಮಲ್ಲಿ ಹಲವರು ಗಿಂಬಲ್ ಕೊಳ್ಳಲು ಹೊರಡುತ್ತೇವೆ. ಅದು ದಂಡದ ಖರ್ಚು ಎಂಬುದು ನಮ್ಮ ಅಭಿಪ್ರಾಯ. ಗಿಂಬಲ್ ಇರುವುದು ನಡೆದಾಡುತ್ತ ಚಿತ್ರಿಸುವವರಿಗೆ. ಸೋಫಾದಲ್ಲಿ ಕುಳಿತು, ತಾನು ಮೊದಲ ಸಲ ಗಲ್ಫಿಗೆ ಬಂದಿಳಿದ ದಿನದ ಬಗ್ಗೆ ಹೇಳುವ ಅಪ್ಪನನ್ನು ಚಿತ್ರಿಸಲು ಮೇಜಿನ ಮೇಲೆ ನಾಲ್ಕು ಪುಸ್ತಕ, ಅದರ ಮೇಲೆ ಅಕ್ಕಿ ತುಂಬಿ ಬಾಯಿ ಕಟ್ಟಿದ ಒಂದು ಸಣ್ಣ ಬಟ್ಟೆಚೀಲ ಸಾಕು. ಫೋನನ್ನು ಅಡ್ಡಲಾಗಿ ಚೀಲದೊಳಕ್ಕೆ ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಲೆನ್ಸ್ ಅಪ್ಪನ ಕಣ್ಣಿನ ಎತ್ತರಕ್ಕಿರಲಿ.

ಇನ್ನು ಬೆಳಕು. ಇಲ್ಲಿನ ಬಿಸಿಲು ಗೊತ್ತಲ್ಲ, ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಕಿಟಕಿ ಪಕ್ಕಕ್ಕೆ ಬರುವಂತೆ ಕೂರಿಸಿ. ಆದರೂ ಅಪ್ಪ ಬಿಳಿ ಅಂಗಿಯ ತೋಳೆತ್ತಿದಾಗಲೆಲ್ಲ ಫೋನು ತಾನಾಗಿ ಬೆಳಕು ತಗ್ಗಿಸಿ, ಮತ್ತೆ ಏರಿಸುತ್ತದೆ. ಚಿತ್ರ ಉಸಿರಾಡಿದಂತೆ ಕಾಣುವುದು ಇದರಿಂದಲೇ. ಪರದೆಯ ಮೇಲೆ ಮುಖವಿರುವ ಜಾಗವನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಗುರುತು. ಮುಖ ತೀರಾ ಬೆಳ್ಳಗಾದರೆ ಪಕ್ಕದ ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಈ ಲಾಕ್ ಫೋಕಸನ್ನೂ ಹಿಡಿದಿಡುತ್ತದೆ. ಹಾಗಾಗಿ ಅಪ್ಪ ಜಾಗ ಬದಲಿಸಿದರೆ ಹೊಸದಾಗಿ ಲಾಕ್ ಮಾಡಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಧ್ವನಿ. ಚಿತ್ರ ಸ್ವಲ್ಪ ಮಂಕಾದರೂ ನೋಡಬಹುದು, ಎಸಿಯ ಗುಂಯ್‌ಗುಡುವಿಕೆಯಲ್ಲಿ ಮುಳುಗಿದ ಮಾತನ್ನು ಕೇಳಲಾಗದು. ಕೋಣೆಯನ್ನು ಮೊದಲೇ ಚೆನ್ನಾಗಿ ತಂಪು ಮಾಡಿ, ಎಸಿ ಆರಿಸಿ, ಐದೈದು ನಿಮಿಷದ ತುಂಡುಗಳಾಗಿ ಚಿತ್ರಿಸಿ. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಯಾರು ಕೂತಾರು! ಟೈಲ್ಸ್ ನೆಲ ಮಾತನ್ನು ಪ್ರತಿಧ್ವನಿಸುತ್ತದೆ, ಕಂಬಳಿ ಹಾಸಿ.

ವೈರಿರುವ ಅಗ್ಗದ ಕಾಲರ್ ಮೈಕ್ ಸಾಕು. ಕೊಳ್ಳುವಾಗ ಪಿನ್ ನೋಡಿ: ಮೂರು ಕಪ್ಪು ಗೆರೆಗಳಿದ್ದರೆ ಫೋನಿನದು, ಎರಡಿದ್ದರೆ ಸಾಮಾನ್ಯವಾಗಿ ಕ್ಯಾಮೆರಾದ್ದು. ಫೋನಿನಲ್ಲಿ ಆ ತೂತಿಲ್ಲದಿದ್ದರೆ, ಮೈಕಿಗೂ ಹೊಂದುವ ಅಡಾಪ್ಟರ್ ಬೇಕು. ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಅಂಗಿಗೆ ಉಜ್ಜದಂತೆ ವೈರನ್ನು ಒಂದು ಸುತ್ತು ಬಳಸಿ ಬಟ್ಟೆಗೆ ಅಂಟಿಸಿ.

ಮೈಕ್ ಚುಚ್ಚಿದ್ದರೂ ಕೆಲವು ಕ್ಯಾಮೆರಾ ಆ್ಯಪ್‌ಗಳು ಫೋನಿನ ಮೈಕಿನಿಂದಲೇ ಧ್ವನಿ ತೆಗೆದುಕೊಳ್ಳುತ್ತವೆ. ಅದಕ್ಕೇ ಹತ್ತು ಸೆಕೆಂಡು ರೆಕಾರ್ಡ್ ಮಾಡುತ್ತ, ಕಾಲರಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಮೈಕ್ ಕಳಚಿ ಕೇಳಿ. ಕೆರೆತ ಜೋರಾಗಿ ಕೇಳಿದರೆ ಮೈಕ್ ಕೆಲಸ ಮಾಡಿದೆ, ಅಪ್ಪನಿಗೆ ಮಾತು ಶುರು ಮಾಡಲು ಹೇಳಬಹುದು. ಕೇಳದಿದ್ದರೆ ಆ್ಯಪ್ ಬದಲಿಸಿ ನೋಡಿ. ಒಂದೂವರೆ ದಶಕದ ಮಾತನ್ನು ಎರಡನೇ ಸಲ ಅದೇ ಮನಸ್ಸಿನಿಂದ ಹೇಳಿಸುವುದು ಕಷ್ಟ.