ಮೂಲ ಫೈಲು ಒಪ್ಪಿಸಿದವರಿಗೇ ಮುಂದಿನ ಕೆಲಸ

ಬಸವಕಲ್ಯಾಣ, ಹುಮನಾಬಾದ್‌ನಂಥ ಊರುಗಳಲ್ಲಿ ಸುದ್ದಿಗೆ ಬರುವ ಗೌರವಧನವೊಂದರಿಂದಲೇ ಮನೆ ನಡೆಯುವುದಿಲ್ಲ. ಹಾಗಾಗಿ ನಮ್ಮಂಥ ಬಿಡಿ ವರದಿಗಾರರು ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಜಾತ್ರೆಯ ಕಿರುಹೊತ್ತಿಗೆಯ ಕೆಲಸವನ್ನೂ ಹಿಡಿಯುತ್ತೇವೆ. ಈ ಕೆಲಸದಲ್ಲಿ ನಮ್ಮ ನಡುವೆ ಒಂದು ನಂಬಿಕೆ ಬೇರೂರಿದೆ. ಮೂಲ ಫೈಲು ನಮ್ಮ ಕೈಯಲ್ಲೇ ಇದ್ದರೆ ಗಿರಾಕಿ ಮುಂದಿನ ವರ್ಷವೂ ನಮ್ಮ ಬಾಗಿಲಿಗೇ ಬರಬೇಕು ಎಂಬುದು ಆ ನಂಬಿಕೆ. ಇದು ತಪ್ಪು ಲೆಕ್ಕ ಎಂಬುದು ನಮ್ಮ ವಾದ.

ಹುಮನಾಬಾದ್‌ನ ಒಂದು ಪತ್ತಿನ ಸಹಕಾರ ಸಂಘ ಬೆಳ್ಳಿಹಬ್ಬಕ್ಕೆ 64 ಪುಟದ ಸ್ಮರಣ ಸಂಚಿಕೆ ಮಾಡಿಸಿತು ಎಂದುಕೊಳ್ಳೋಣ. ಬರಹ, ಚಿತ್ರ ನಮ್ಮದು. ಪುಟವಿನ್ಯಾಸ ಬಸವಕಲ್ಯಾಣದ ಒಂದು ಡಿಟಿಪಿ ಅಂಗಡಿಯದು. ಕೆಲಸ ಮುಗಿದು ಹಣವೂ ಬಂತು. ಸಹಕಾರ ಸಂಘಗಳು ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು, ಅದಕ್ಕೆ ವರದಿ ಅಚ್ಚಾಗಬೇಕು. ಅಂದರೆ ಈ ಗಿರಾಕಿಗೆ ವರ್ಷವರ್ಷವೂ ಕೆಲಸ ಇದ್ದೇ ಇದೆ. ಆದರೆ ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಬದಲಾಗುತ್ತದೆ, ನಡುವೆ ಕಾರ್ಯದರ್ಶಿಯೂ ಬದಲಾಗಬಹುದು. ಹೊಸಬರಿಗೆ ನಮ್ಮ ಮುಖ ಗೊತ್ತಿರುವುದಿಲ್ಲ. ಅವರಿಗೆ ಸಿಗುವುದು ಬೀರುವಿನಲ್ಲಿರುವ ಒಂದು ಪೆನ್‌ಡ್ರೈವ್ ಮಾತ್ರ. ಅದು ತೆರೆದರೆ ಅದರಲ್ಲಿರುವ ನಂಬರಿಗೆ ಫೋನ್ ಬರುತ್ತದೆ. ತೆರೆಯದಿದ್ದರೆ ಅವರು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಸುತ್ತಾರೆ, ಅದೂ ಬೇರೆಯವರ ಬಳಿ.

ತೆರೆಯದಿರಲು ಮೊದಲ ಕಾರಣ ಅಕ್ಷರ. ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಪುಟ ಕಟ್ಟುತ್ತವೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ, ಹಾಗಾಗಿ ಅವರನ್ನು ದೂರಿ ಫಲವಿಲ್ಲ. ಈ ಫಾಂಟುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳನ್ನು. ಅವಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ, ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಪಿಡಿಎಫ್ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಫಾಂಟು ಒಳಗೇ ಸೇರಿರುವುದರಿಂದ ಪಿಡಿಎಫ್ ಚೆನ್ನಾಗಿಯೇ ಕಾಣುತ್ತದೆ, ಅಚ್ಚೂ ಆಗುತ್ತದೆ. ಆದರೆ ಮುಂದಿನ ವರ್ಷದ ವರದಿಗೆಂದು ಅದರಿಂದ ಸಂಘದ ಇತಿಹಾಸದ ಎರಡು ಪ್ಯಾರಾ ನಕಲು ಮಾಡಿದರೆ ಬರುವುದು ಅದೇ ಗೋಜಲು. ಪರೀಕ್ಷೆ ಸುಲಭ. ಪಿಡಿಎಫ್‌ನ ಒಂದು ಸಾಲನ್ನು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಬೇಕು. ಕನ್ನಡವೇ ಬಾರದಿದ್ದರೆ, ಆ ಪಿಡಿಎಫ್ ಓದಲು ಮತ್ತು ಅಚ್ಚಿಗೆ ಮಾತ್ರ.

ಹಾಗಾಗಿ ಅಂತಿಮ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪ್ರತ್ಯೇಕ ವರ್ಡ್ ಫೈಲಾಗಿ ಕೊಡಬೇಕು. ಪರಿವರ್ತಕ ನುಡಿಯಲ್ಲೂ ಬರಹದಲ್ಲೂ ಸಿಗುತ್ತದೆ. ಪರಿವರ್ತಿಸಿದ್ದನ್ನು ಓದದೆ ಕೊಡಬಾರದು. ಅರ್ಕಾವತ್ತು, ಉದ್ಧರಣ ಚಿಹ್ನೆ, ನಡುವೆ ಬಂದ ಇಂಗ್ಲಿಷ್ ಪದಗಳು ಇಲ್ಲೇ ಕೆಡುತ್ತವೆ. ಇನ್ನೊಂದು ಮಾತು: ಪರಿವರ್ತಿಸಬೇಕಾದದ್ದು ನಾವು ಮೊದಲು ಬರೆದುಕೊಟ್ಟ ಪ್ರತಿಯನ್ನಲ್ಲ, ಕರಡು ತಿದ್ದಿದ ಮೇಲೆ ಪುಟದಲ್ಲಿ ನಿಂತ ಪಠ್ಯವನ್ನು. ನಿರ್ದೇಶಕರ ಹೆಸರಿನ ತಿದ್ದುಪಡಿಗಳೆಲ್ಲ ಡಿಟಿಪಿ ಅಂಗಡಿಯ ಯಂತ್ರದಲ್ಲೇ ಆಗಿರುತ್ತವೆ.

ಎರಡನೆಯ ಕಾರಣ ಚಿತ್ರ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳೆದುಹೋಗುತ್ತದೆ. ಎ4 ಮುಖಪುಟವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಲು ಸುಮಾರು 2480 × 3508 ಪಿಕ್ಸೆಲ್ ಬೇಕು. ಕುಗ್ಗಿದ ಚಿತ್ರದಲ್ಲಿ ಅಷ್ಟು ಇರದಿರಬಹುದು. ಮೂಲ ಚಿತ್ರಗಳನ್ನೇ ಪೆನ್‌ಡ್ರೈವ್‌ಗೆ ಹಾಕಿ, ಯಾವ ಚಿತ್ರದಲ್ಲಿ ಎಡದಿಂದ ಬಲಕ್ಕೆ ಯಾರಿದ್ದಾರೆ ಎಂಬ ಪಟ್ಟಿಯನ್ನೂ ಜೊತೆಗಿಡಬೇಕು. ಹತ್ತು ವರ್ಷದ ನಂತರ ಸಂಘಕ್ಕೆ ಹೆಚ್ಚು ಬೆಲೆಯಾಗುವುದು ಈ ಪಟ್ಟಿಯೇ.

ಕಡತಕೋಶಗಳು ಐದಿದ್ದರೆ ಸಾಕು. ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಹಳೆಯ ಯಂತ್ರಗಳಲ್ಲೂ ಕೆಡುವುದಿಲ್ಲ:

```
01_acchu_pdf
02_pathya_unicode
03_puta_moola_font
04_chitra_patti
05_patra
```

ಇನ್ನು ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು. ಬರಹ ಹಾಗಲ್ಲ. ನೌಕರನಲ್ಲದ ಲೇಖಕ ಲಿಖಿತವಾಗಿ ಬಿಟ್ಟುಕೊಡುವವರೆಗೆ ಅದು ಲೇಖಕನದೇ. ಹಾಗೆ ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ. ‘ಸಂಘ ತನ್ನ ಪ್ರಕಟಣೆಗಳಲ್ಲಿ ಈ ಬರಹವನ್ನು ಕಾಲಮಿತಿಯಿಲ್ಲದೆ ಮರುಬಳಸಬಹುದು’ ಎಂದು ಒಂದು ಸಾಲು ಬರೆದುಕೊಟ್ಟರೆ ಹೊಸ ಮಂಡಳಿಗೆ ಅಳುಕಿರುವುದಿಲ್ಲ, ನಮ್ಮ ಹಕ್ಕೂ ಉಳಿಯುತ್ತದೆ.

ಕೊಡಬಾರದ್ದೂ ಒಂದಿದೆ. ಹಿರಿಯ ಸದಸ್ಯರು ‘ಇದು ಬರೆಯಬೇಡಿ’ ಎಂದು ಹೇಳಿ ಮಾತಾಡಿದ ಧ್ವನಿಮುದ್ರಣ ಸಂಘದ ಆಸ್ತಿಯಲ್ಲ. ನಾವು ಪತ್ರಕರ್ತರು, ಆ ಮಾತು ಪೆನ್‌ಡ್ರೈವ್‌ಗೆ ಹೋಗಬಾರದು.

ಎಲ್ಲದರ ಮೇಲೆ ಒಂದು ಪುಟದ ಪತ್ರ. ಅದನ್ನು ಈಗಿನ ಕಾರ್ಯದರ್ಶಿಗಲ್ಲ, ನಮ್ಮನ್ನು ಕಾಣದ ಮುಂದಿನವರಿಗೆ ಎಂದುಕೊಂಡು ಬರೆಯಬೇಕು. ಅಚ್ಚು ಮಾಡಿ ಕಡತಕ್ಕೂ ಸೇರಿಸಬೇಕು, ಏಕೆಂದರೆ ಪೆನ್‌ಡ್ರೈವ್ ಕೆಡುತ್ತದೆ. ಏನು ಕೊಟ್ಟಿದ್ದೇವೆ, ಯಾವ ಪುಟ ಯಾವ ಫಾಂಟಿನಲ್ಲಿದೆ, ಏನು ಬಾಕಿ, ನಮ್ಮ ಬಳಿ ನಕಲು ಎಲ್ಲಿಯವರೆಗೆ ಇರುತ್ತದೆ ಎಂಬ ವಿವರವಾದ ಮೇಲೆ ಕೊನೆಯ ಪ್ಯಾರಾ ಹೀಗಿರಬಹುದು:

“ಮಾನ್ಯ ಕಾರ್ಯದರ್ಶಿಯವರಿಗೆ, ಮುಂದಿನ ವಾರ್ಷಿಕ ವರದಿಗೆ 3ನೇ ಪುಟದ ನಿರ್ದೇಶಕರ ಪಟ್ಟಿ ಮತ್ತು 41ರಿಂದ 48ರವರೆಗಿನ ಲೆಕ್ಕಪತ್ರ ಮಾತ್ರ ಬದಲಾಗಬೇಕು. ಉಳಿದದ್ದನ್ನು ಎರಡನೇ ಕಡತಕೋಶದಿಂದ ತೆಗೆದುಕೊಳ್ಳಬಹುದು. ಯಾರಿಂದ ಮಾಡಿಸಿದರೂ ಇದು ಉಪಯೋಗಕ್ಕೆ ಬರುತ್ತದೆ. ನಮ್ಮಿಂದಲೇ ಆಗಬೇಕೆಂದರೆ ಆಗಸ್ಟ್ ಮೊದಲ ವಾರ ತಿಳಿಸಿ, ನಾಲ್ಕು ದಿನದಲ್ಲಿ ಮಾಡಿಕೊಡುತ್ತೇವೆ.”

‘ಸದಾ ನಿಮ್ಮ ಸೇವೆಯಲ್ಲಿ’ ಎಂಬ ಸಾಲಿಗೂ ಇದಕ್ಕೂ ವ್ಯತ್ಯಾಸ ನೋಡಿ. ಇಲ್ಲಿ ತಿಂಗಳಿದೆ, ಪುಟವಿದೆ, ದಿನದ ಲೆಕ್ಕವಿದೆ. ಜುಲೈ ಕೊನೆಗೆ ಒಮ್ಮೆ ಫೋನ್ ಮಾಡಲು ನಮಗೂ ಕಾರಣ ಸಿಗುತ್ತದೆ.

ಎಲ್ಲ ಕೊಟ್ಟರೆ ಕಡಿಮೆ ದರದವರ ಬಳಿ ಹೋಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಕೆಲವರು ಹೋಗುತ್ತಾರೆ, ನಿಜ. ಹಣ ಬಾಕಿಯಿಟ್ಟು ಫೈಲು ಕೇಳುವವರೂ ಇದ್ದಾರೆ. ಅದಕ್ಕೆ ದಾರಿ ಫೈಲು ಬಚ್ಚಿಡುವುದಲ್ಲ. ಅಚ್ಚಿನ ಪಿಡಿಎಫ್ ಕೆಲಸ ಮುಗಿದಾಗ, ಮೂಲ ಫೈಲು ಕೊನೆಯ ಕಂತು ಬಂದಾಗ ಎಂದು ದರಪಟ್ಟಿಯಲ್ಲೇ ಬರೆಯಬೇಕು. ಫೈಲು ಒಪ್ಪಿಸಲು ಬೇಕಾದ ಒಂದು ದಿನದ ಕೂಲಿಯನ್ನೂ ಅದರಲ್ಲೇ ಸೇರಿಸಬೇಕು. ಬಚ್ಚಿಟ್ಟ ಫೈಲಿನ ಕಥೆ ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಒಂದೇ ಬಸ್ಸಿನಲ್ಲಿ ತಲುಪುತ್ತದೆ. ಚೊಕ್ಕವಾಗಿ ಒಪ್ಪಿಸಿದ ಕೆಲಸದ ಸುದ್ದಿಗೂ ಅದೇ ಬಸ್ಸು.