ಅರ್ಧ ನಿಮಿಷದ ಕೀಲಿಕೈ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವುದೇ ಹಳ್ಳಿಯಲ್ಲಿ ಸಿಗ್ನಲ್ ಹೋದರೆ ಎಸ್ಸೆಮ್ಮೆಸ್ ಓಟಿಪಿ ಬಾರದು. ಮೊಬೈಲಿನ Google Authenticator ಮಾತ್ರ ಆಗಲೂ ಆರಂಕಿಯ ಸಂಕೇತ ತೋರಿಸುತ್ತದೆ. ಇದು ಹೇಗೆ?

ಈಗಾಗಲೇ ಇರುವ ಗೂಗಲ್ ಖಾತೆಗೆ ಈ ಎರಡನೆಯ ಕಾವಲು ಸೇರಿಸುವಾಗ ಪರದೆಯ ಮೇಲೆ ಕ್ಯೂಆರ್ ಚಿತ್ರ ಮೂಡುತ್ತದೆ. ಅದರಲ್ಲಿ ಅಡಗಿದ ಗುಟ್ಟಿನ ಸಂಖ್ಯೆಯನ್ನು ಮೊಬೈಲು, ಸರ್ವರ್ ಎರಡೂ ಇಟ್ಟುಕೊಳ್ಳುತ್ತವೆ. 1970ರ ಜನವರಿ 1ರ ಬೆಳಿಗ್ಗೆ 5.30ರಿಂದ (ಭಾರತದ ವೇಳೆ) ಕಳೆದ ಸೆಕೆಂಡುಗಳನ್ನು ಎರಡೂ 30ರಿಂದ ಭಾಗಿಸಿ, ಶೇಷ ಬಿಟ್ಟು, ಭಾಗಲಬ್ಧವನ್ನು ಗುಟ್ಟಿನೊಡನೆ ಬೆರೆಸಿ ಸಂಕೇತ ತೆಗೆಯುತ್ತವೆ. 59ನೆಯ ಸೆಕೆಂಡಿಗೆ ಭಾಗಲಬ್ಧ 1, ಅರವತ್ತಕ್ಕೆ 2. ಆ ಕ್ಷಣವೇ ಸಂಕೇತ ಬದಲು. ಆದ್ದರಿಂದ ಮೊಬೈಲಿನ ಗಡಿಯಾರ ಐದು ನಿಮಿಷ ತಪ್ಪಿದರೆ ಸಂಕೇತವೂ ತಪ್ಪು. ವೇಳೆ ತಾನೇ ಹೊಂದಿಕೊಳ್ಳುವಂತೆ ಇಟ್ಟರೆ ಸರಿಹೋಗುತ್ತದೆ.

ಗುಟ್ಟು ಮೊಬೈಲಿನಲ್ಲಷ್ಟೇ ಇದ್ದು, ಮೊಬೈಲೇ ಕಳೆದರೆ? ಪಾಸ್‌ವರ್ಡ್ ಕದ್ದವನನ್ನು ತಡೆಯುವ ಬಾಗಿಲೇ ಖಾತೆಯ ಒಡೆಯನನ್ನೂ ತಡೆಯುತ್ತದೆ. ಅದಕ್ಕೆಂದೇ Backup codes ಎಂಬಲ್ಲಿ ಎಂಟಂಕಿಯ 10 ಸಂಖ್ಯೆಗಳು ಸಿಗುತ್ತವೆ. ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಪಟ್ಟಿ ಪಡೆದರೆ ಹಳೆಯದು ರದ್ದು. ಅದೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಪ್ರಯೋಜನವಿಲ್ಲ. ಕಾಗದದಲ್ಲಿ ಬರೆದು, ಮನೆಯಲ್ಲಿ ಅಂಕಪಟ್ಟಿಗಳ ಜೊತೆ ಇಡಬೇಕು, ಬಳಸಿದ್ದನ್ನು ಹೊಡೆದುಹಾಕಬೇಕು.