ಜಿಎಸ್‌ಟಿ ನಂಬರ್ ಇದ್ದ ಮಾತ್ರಕ್ಕೆ ಆನ್‌ಲೈನ್ ಅಂಗಡಿ ಅಸಲಿಯೇ?

"ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಮುಂಚೆ ಪುಟದ ಕೆಳಗೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಇದ್ದರೆ ಅಸಲಿ ಅಂಗಡಿ, ಇಲ್ಲದಿದ್ದರೆ ಮೋಸ." ಇಂಥ ಸಲಹೆ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಈ ಸಲಹೆಯ ಎರಡು ಭಾಗಗಳೂ ಸರಿಯಿಲ್ಲ. ನಂಬರ್ ಹಾಕಿಕೊಂಡ ಮೋಸಗಾರರೂ ಇದ್ದಾರೆ, ನಂಬರ್ ಇಲ್ಲದೆ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರೂ ಇದ್ದಾರೆ.

ತುಮಕೂರಿನ ಮಂಡಿಪೇಟೆಯಲ್ಲಿ ಕೊಬ್ಬರಿ ಎಣ್ಣೆ ಕೊಳ್ಳುವಾಗ ಯಾರೂ ಅಂಗಡಿಯವರ ಜಿಎಸ್‌ಟಿ ನಂಬರ್ ಕೇಳುವುದಿಲ್ಲ. ನೋಂದಣಿ ಇರುವವರು ಆ ನಂಬರನ್ನು ಬೋರ್ಡಿನ ಮೇಲೆ ಬರೆಸಬೇಕು, ಪ್ರಮಾಣಪತ್ರವನ್ನು ಒಳಗೆ ಕಾಣುವಂತೆ ತೂಗುಹಾಕಬೇಕು ಎಂಬ ನಿಯಮವಿದೆ. ನಾವು ಅದರ ಕಡೆ ಕಣ್ಣೂ ಹಾಯಿಸುವುದಿಲ್ಲ. ಯಾಕೆಂದರೆ ಅಂಗಡಿ ಕಣ್ಣೆದುರಿಗಿದೆ. ಎಣ್ಣೆ ಕಮಟಾಗಿದ್ದರೆ ನಾಳೆ ಡಬ್ಬ ಹಿಡಿದುಕೊಂಡು ಅಲ್ಲಿಗೇ ಹೋಗಬಹುದು. ಫೋನಿನ ಪರದೆಯಲ್ಲಿ ಈ ಅನುಕೂಲವಿಲ್ಲ. ಪುಟದಲ್ಲಿ ಹಾಕುವ ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳು ಆ ಕೊರತೆ ತುಂಬುವುದಕ್ಕೇ ಇರುವುದು. ಎಣ್ಣೆ ಒಳ್ಳೆಯದು ಎಂದು ಅವು ಹೇಳುವುದಿಲ್ಲ. ಡಬ್ಬ ಹಿಡಿದುಕೊಂಡು ಎಲ್ಲಿಗೆ, ಯಾರ ಹತ್ತಿರ ಹೋಗಬೇಕು ಎಂದು ಹೇಳುತ್ತವೆ, ಅಷ್ಟೇ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಕುಣಿಗಲ್‌ನ ಒಬ್ಬ ಗೃಹಿಣಿಯ ಫೋನಿಗೆ ಒಂದು ಜಾಹೀರಾತು ಬಂದಿದೆ. "ಗುಬ್ಬಿ ತೋಟದ ಕೊಬ್ಬರಿ, ಗಾಣದ ಎಣ್ಣೆ, ಐದು ಲೀಟರ್ ಅರ್ಧ ಬೆಲೆಗೆ." ಪುಟದ ಕೆಳಗೆ ಗುಬ್ಬಿಯ ವಿಳಾಸವಿದೆ, ಅಂಗಡಿಯ ಹೆಸರಿನ ಮುಂದೆ "ಪ್ರೈವೇಟ್ ಲಿಮಿಟೆಡ್" ಎಂದಿದೆ, ಹೀಗೊಂದು ಜಿಎಸ್‌ಟಿ ನಂಬರೂ ಇದೆ:

```
29AAAPR0000A1Z5
```

ಇದು ನಾವು ವಿವರಣೆಗಾಗಿ ಮಾಡಿಕೊಂಡ ಸಂಖ್ಯೆ, ಯಾರದ್ದೂ ಅಲ್ಲ. ಜಿಎಸ್‌ಟಿ ನಂಬರಿನಲ್ಲಿ ಯಾವಾಗಲೂ 15 ಅಂಕಿ-ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಗುರುತು. ಕರ್ನಾಟಕಕ್ಕೆ 29, ದೆಹಲಿಗೆ 07. ಆಮೇಲಿನ ಹತ್ತು, ವ್ಯಾಪಾರಿಯ ಪ್ಯಾನ್ ಸಂಖ್ಯೆಯೇ. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಇಡೀ ನಂಬರಿನಲ್ಲಿ ಆರನೆಯದು, ಆ ಪ್ಯಾನ್ ಯಾರದ್ದು ಎಂಬುದನ್ನು ಹೇಳುತ್ತದೆ. P ಇದ್ದರೆ ಒಬ್ಬ ವ್ಯಕ್ತಿ, C ಇದ್ದರೆ ಕಂಪನಿ, F ಇದ್ದರೆ ಪಾಲುದಾರಿಕೆ ಸಂಸ್ಥೆ. ಮೇಲಿನ ನಂಬರಿನಲ್ಲಿ ಆರನೆಯದು P. ಪುಟ ಹೇಳುತ್ತಿರುವುದು ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದು. ಎಲ್ಲೂ ಲಾಗಿನ್ ಆಗದೆ, ಬರೀ ಕಣ್ಣಿನಲ್ಲೇ ಒಂದು ಸುಳ್ಳು ಸಿಕ್ಕಿತು.

ರಾಜ್ಯದ ಅಂಕಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ದೊಡ್ಡ ಕಂಪನಿಗಳು ಹಲವು ರಾಜ್ಯಗಳಲ್ಲಿ ಬೇರೆ ಬೇರೆ ನೋಂದಣಿ ಇಟ್ಟುಕೊಂಡಿರುತ್ತವೆ, ಹಾಗಾಗಿ 29 ಇಲ್ಲ ಎಂದ ಮಾತ್ರಕ್ಕೆ ಮೋಸವೆನ್ನಲು ಆಗದು. ಆದರೆ "ನಮ್ಮದು ಗುಬ್ಬಿಯಲ್ಲಿ ಒಂದೇ ಅಂಗಡಿ" ಎನ್ನುವವರ ನಂಬರು 07ರಿಂದ ಶುರುವಾದರೆ ಕೇಳಲೇಬೇಕು.

ಹಾಗಾದರೆ ಎಲ್ಲ ಅಕ್ಷರಗಳೂ ಸರಿಯಾಗಿದ್ದರೆ ನಂಬಬಹುದೇ? ಇಲ್ಲ. ಯಾಕೆಂದರೆ ಈ ನಂಬರ್ ಗುಟ್ಟಿನದಲ್ಲ. ಪ್ರತಿ ಬಿಲ್ಲಿನಲ್ಲೂ ಅಚ್ಚಾಗಿರುತ್ತದೆ. ಯಾವುದೋ ಅಂಗಡಿಯ ಬಿಲ್ಲಿನಿಂದ ನಕಲು ಮಾಡಿ ತನ್ನ ಪುಟಕ್ಕೆ ಅಂಟಿಸಿಕೊಳ್ಳಲು ಎರಡು ನಿಮಿಷ ಸಾಕು. ಅದಕ್ಕೇ ಮುಂದಿನ ಹೆಜ್ಜೆ ಮುಖ್ಯ. ಜಿಎಸ್‌ಟಿ ಪೋರ್ಟಲ್ gst.gov.in ನಲ್ಲಿ Search Taxpayer ಎಂಬ ಕಡೆ ನಂಬರ್ ಹಾಕಿ, ಪಕ್ಕದಲ್ಲಿ ಕಾಣುವ ಅಂಕಿಗಳನ್ನು ತುಂಬಿದರೆ ವಿವರ ತೆರೆದುಕೊಳ್ಳುತ್ತದೆ. ಖಾತೆ ಬೇಡ, ದುಡ್ಡೂ ಇಲ್ಲ.

ಅಲ್ಲಿ ಎರಡು ಹೆಸರು ಕಾಣುತ್ತವೆ. Trade Name ಎಂದರೆ ಅಂಗಡಿಯ ಹೆಸರು. Legal Name of Business ಎಂದರೆ ಕಾನೂನಿನ ಲೆಕ್ಕದಲ್ಲಿ ಅದರ ಒಡೆಯರ ಹೆಸರು. ಒಬ್ಬರೇ ನಡೆಸುವ ಅಂಗಡಿಯಾದರೆ ಅದು ಆ ವ್ಯಕ್ತಿಯ ಹೆಸರೇ ಆಗಿರುತ್ತದೆ. ಜೊತೆಗೆ ವ್ಯಾಪಾರದ ಮುಖ್ಯ ವಿಳಾಸ, ನೋಂದಣಿಯಾದ ದಿನ ಮತ್ತು ನೋಂದಣಿ ಈಗ ಜೀವಂತವಾಗಿದೆಯೇ ಎಂಬುದೂ ಇರುತ್ತದೆ. Active ಎಂದಿರಬೇಕು. Cancelled ಅಥವಾ Suspended ಎಂದಿದ್ದರೆ ಪುಟದಲ್ಲಿ ಆ ನಂಬರ್ ಇರುವುದಕ್ಕೆ ಅರ್ಥವೇ ಇಲ್ಲ. ದಿನಾಂಕ ನೋಡುವಾಗ ಒಂದು ಎಚ್ಚರ: ಜಿಎಸ್‌ಟಿ ಜಾರಿಯಾದದ್ದೇ 2017ರ ಜುಲೈ 1ರಂದು. ತಾತನ ಕಾಲದ ಅಂಗಡಿಗೂ ಅದಕ್ಕಿಂತ ಹಿಂದಿನ ದಿನಾಂಕ ಇರುವುದಿಲ್ಲ.

ನಮ್ಮ ಗೃಹಿಣಿ ಹುಡುಕಿದಾಗ ನಂಬರ್ Active ಎಂದೇ ಬಂತು ಎಂದುಕೊಳ್ಳಿ. ಆದರೆ ವಿಳಾಸ ತುಮಕೂರು ನಗರದ್ದು, ಅಂಗಡಿ ಮಾರುವುದು ಹಾರ್ಡ್‌ವೇರ್ ಎಂದು ಕಾಣುವಂಥ ಹೆಸರು. ಅಲ್ಲಿಗೆ ವಿಷಯ ಸ್ಪಷ್ಟ: ಯಾರದ್ದೋ ನಿಜವಾದ ನಂಬರನ್ನು ಬೇರೆ ಯಾರೋ ಬಳಸುತ್ತಿದ್ದಾರೆ. ಇನ್ನೊಂದು ಪರೀಕ್ಷೆ ದುಡ್ಡು ಕಟ್ಟುವ ಹೊತ್ತಿನದು. ಯುಪಿಐನಲ್ಲಿ ಪಿನ್ ಹಾಕುವ ಮುಂಚೆ ಹಣ ಪಡೆಯುವವರ ಹೆಸರು ಪರದೆಯಲ್ಲಿ ಬರುತ್ತದೆ. ಅದು ಪೋರ್ಟಲ್‌ನಲ್ಲಿ ಕಂಡ ಎರಡು ಹೆಸರುಗಳಲ್ಲಿ ಒಂದಕ್ಕಾದರೂ ಹೊಂದಬೇಕು. ಪೇಮೆಂಟ್ ಕಂಪನಿಯ ಮೂಲಕ ಕಟ್ಟುವಾಗ ಆ ಕಂಪನಿಯ ಹೆಸರು ಬರುವುದುಂಟು, ಅದು ತಪ್ಪಲ್ಲ. ಆದರೆ ಸಂಬಂಧವೇ ಇಲ್ಲದ ಯಾರದೋ ಖಾಸಗಿ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಅಭಿಪ್ರಾಯದಲ್ಲಿ ಇಡೀ ತಪಾಸಣೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ನಂಬರನ್ನು ಕದಿಯಬಹುದು, ಆದರೆ ಹಣ ಮಾತ್ರ ಕದ್ದವನ ಕೈಗೇ ಸೇರಬೇಕಲ್ಲ.

ಈಗ ಫಾರ್ವರ್ಡ್‌ನ ಎರಡನೇ ಭಾಗಕ್ಕೆ ಬರೋಣ. ಜಿಎಸ್‌ಟಿ ನಂಬರ್ ಇಲ್ಲದವರೆಲ್ಲ ಮೋಸಗಾರರೇ? ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಈ ಮಿತಿಯ ಸುದ್ದಿ ಎಲ್ಲರ ಬಾಯಲ್ಲೂ ಇತ್ತು, ನೆನಪಿರಬಹುದು. ಹೀಗಾಗಿ ಗುಬ್ಬಿಯಲ್ಲಿ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಕರ್ನಾಟಕದೊಳಗೆ ಮಾತ್ರ ಕಳಿಸುವ ಹೆಂಗಸಿನ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲದಿರುವುದು ಸಹಜ. ಹೊರರಾಜ್ಯಕ್ಕೆ ಸರಕು ಮಾರಲು ಹೊರಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಇದರಿಂದ ಒಂದು ಸುಳಿವು ಸಿಗುತ್ತದೆ: "ಇಡೀ ಭಾರತಕ್ಕೆ ಡೆಲಿವರಿ" ಎನ್ನುತ್ತಾ ನಂಬರ್ ಇಲ್ಲದಿದ್ದರೆ, ಅಥವಾ ನೋಂದಣಿ ಇಲ್ಲದೆಯೂ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಹಣ ಸೇರಿಸಿದ್ದರೆ ಅನುಮಾನ ಪಡಲು ಕಾರಣವಿದೆ.

ಹಪ್ಪಳದವರ ಹತ್ತಿರ ಕೇಳಬೇಕಾದ ಸಂಖ್ಯೆ ಬೇರೆ. ತಿನ್ನುವ ವಸ್ತು ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು, ಅದು 14 ಅಂಕಿಗಳದ್ದು. foscos.fssai.gov.in ನಲ್ಲಿ ಅದನ್ನೂ ಹುಡುಕಬಹುದು. ಕೆಲವರು "ಸರ್ಕಾರದ ಮಾನ್ಯತೆ ಪಡೆದ ಅಂಗಡಿ" ಎಂದು ಉದ್ಯಮ್ ನೋಂದಣಿಯ ಸಂಖ್ಯೆ ಹಾಕಿರುತ್ತಾರೆ. UDYAM-KR ಎಂದು ಶುರುವಾಗುವ ಇದು ಮಾಲೀಕರು ತಾವೇ ವಿವರ ತುಂಬಿ ಉಚಿತವಾಗಿ ಪಡೆಯುವ ನೋಂದಣಿ. ಇರುವುದು ಒಳ್ಳೆಯದು, ಆದರೆ ಮಾಲಿನ ಗುಣಮಟ್ಟಕ್ಕೆ ಸರ್ಕಾರ ಹಾಕಿದ ಮೊಹರು ಅದಲ್ಲ.

ಮಾರುವವರಿಗೂ ಒಂದು ಮಾತು. ನಂಬಿಕೆ ಬರಲಿ ಎಂದು ಕೆಲವರು ಆಧಾರ್, ಪ್ಯಾನ್ ಕಾರ್ಡಿನ ಫೋಟೋ, ಜಿಎಸ್‌ಟಿ ಪ್ರಮಾಣಪತ್ರದ ಸ್ಕ್ಯಾನ್ ಎಲ್ಲವನ್ನೂ ಗಿರಾಕಿಗೆ ಕಳಿಸುತ್ತಾರೆ. ಹೀಗೆ ಹಂಚಿದ ಚಿತ್ರಗಳೇ ಮುಂದೆ ಮೋಸಗಾರರ ಕೈಗೆ ಸಿಕ್ಕಿ, ನಿಮ್ಮ ಹೆಸರಿನಲ್ಲಿ ಬೇರೆ ಯಾರನ್ನೋ ವಂಚಿಸಲು ಬಳಕೆಯಾಗುತ್ತವೆ. ನಂಬರನ್ನು ಅಕ್ಷರಗಳಲ್ಲಿ ಬರೆದರೆ ಸಾಕು, ಬೇಕಾದವರು ಪೋರ್ಟಲ್‌ನಲ್ಲಿ ನೋಡಿಕೊಳ್ಳುತ್ತಾರೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಕೇಳುವುದೂ ಫೋಟೋಗಳನ್ನಲ್ಲ. ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಫೋನ್ ಮತ್ತು ಇಮೇಲ್, ದೂರು ಕೇಳುವ ಅಧಿಕಾರಿಯ ಹೆಸರು ಪುಟದಲ್ಲಿರಬೇಕು. ಸಣ್ಣ ಅಂಗಡಿಯಲ್ಲಿ ಮಾಲೀಕರೇ ತಮ್ಮ ಹೆಸರು ಹಾಕಿಕೊಳ್ಳುವುದುಂಟು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಹಣ ವಾಪಸಾತಿಯ ಷರತ್ತನ್ನು ಹೆಚ್ಚಿನವರು ಓದುವುದೇ ಇಲ್ಲ. ನಾವು ಇದನ್ನು ಜಿಎಸ್‌ಟಿ ನಂಬರಿಗಿಂತ ಮೊದಲು ಓದಿ ಎನ್ನುತ್ತೇವೆ. ಮೋಸದ ಪುಟಗಳಲ್ಲಿ ಇದು ಸಾಮಾನ್ಯವಾಗಿ ಇನ್ನೊಂದು ಕಡೆಯಿಂದ ಎತ್ತಿ ಅಂಟಿಸಿದ್ದಾಗಿರುತ್ತದೆ. ಎಣ್ಣೆ ಮಾರುವ ಪುಟದಲ್ಲಿ "ಬಟ್ಟೆಯ ಟ್ಯಾಗ್ ತೆಗೆದಿರಬಾರದು" ಎಂದಿರುತ್ತದೆ, ಇಲ್ಲವೇ ಬೇರೆ ಅಂಗಡಿಯ ಹೆಸರೇ ನಡುವೆ ಉಳಿದುಬಿಟ್ಟಿರುತ್ತದೆ. "ಗ್ರಾಹಕರ ತೃಪ್ತಿಯೇ ನಮ್ಮ ಗುರಿ, ಸೂಕ್ತ ಸಂದರ್ಭದಲ್ಲಿ ಹಣ ಮರಳಿಸಲಾಗುವುದು" ಎನ್ನುವುದು ಷರತ್ತೇ ಅಲ್ಲ. ನಿಜವಾಗಿ ಡಬ್ಬ ಪ್ಯಾಕ್ ಮಾಡಿ ಕಳಿಸುವವರು ಹೀಗೆ ಬರೆಯುತ್ತಾರೆ: "ಸೋರಿದ ಅಥವಾ ಒಡೆದ ಡಬ್ಬ ಬಂದರೆ ಕೈಸೇರಿದ ಮೂರು ದಿನದೊಳಗೆ ಫೋಟೋ ಸಮೇತ ತಿಳಿಸಿ. ವಾಪಸ್ ಕೊರಿಯರ್ ಖರ್ಚು ನಮ್ಮದು. ಏಳು ದಿನದೊಳಗೆ ನೀವು ಕಟ್ಟಿದ ಖಾತೆಗೇ ಹಣ ಬರುತ್ತದೆ. ತೆರೆದು ಬಳಸಿದ ಎಣ್ಣೆಯನ್ನು, ದೋಷವಿಲ್ಲದಿದ್ದರೆ, ವಾಪಸ್ ಪಡೆಯುವುದಿಲ್ಲ." ಏನು ಕೊಡುವುದಿಲ್ಲ ಎಂಬುದನ್ನೂ ಹೇಳಿರುವುದು ಇಲ್ಲಿನ ಗುಣ. ಸೋರುವುದು, ಒಡೆಯುವುದು, ಕೊರಿಯರ್ ಖರ್ಚಿನ ಜಗಳ ಇವೆಲ್ಲ ಅನುಭವ ಇದ್ದವರಿಗೆ ಮಾತ್ರ ಹೊಳೆಯುವ ವಿಷಯಗಳು.

"ಒಮ್ಮೆ ಮಾರಿದ ಮಾಲನ್ನು ಯಾವ ಕಾರಣಕ್ಕೂ ವಾಪಸ್ ಪಡೆಯುವುದಿಲ್ಲ" ಎಂದು ಬರೆದಿದ್ದರೆ? ಮನಸ್ಸು ಬದಲಾಯಿತು ಎಂದು ಹಿಂತಿರುಗಿಸುವುದಕ್ಕೆ ಮಾರುವವರು ಒಪ್ಪಬೇಕೆಂದಿಲ್ಲ. ಆದರೆ ಮಾಲಿನಲ್ಲಿ ದೋಷವಿದ್ದರೆ ಈ ಸಾಲು ನಡೆಯದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

ಅಷ್ಟಾದರೂ ಕೊಡಲಿಲ್ಲವೆಂದರೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಬೇರೆ ಊರಿನದ್ದಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಕುಣಿಗಲ್‌ನವರಿಗೆ ತುಮಕೂರೇ ಸಾಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ದೂರಿನಲ್ಲಿ ಎದುರುದಾರರ ಹೆಸರು ಮತ್ತು ವಿಳಾಸ ಬರೆಯಬೇಕು, ನೋಟಿಸ್ ಹೋಗುವುದು ಅಲ್ಲಿಗೇ. ವಾಟ್ಸಾಪ್ ನಂಬರ್ ಒಂದೇ ಇದ್ದರೆ ಇಲ್ಲಿ ಕೈಕಟ್ಟಿದಂತಾಗುತ್ತದೆ. ಆದ್ದರಿಂದ ಹಣ ಕಟ್ಟುವ ದಿನವೇ ಪುಟದ ಕೆಳಭಾಗ, ವಾಪಸಾತಿ ಷರತ್ತು, ಪೋರ್ಟಲ್‌ನಲ್ಲಿ ಕಂಡ ವಿವರ ಮೂರರ ಸ್ಕ್ರೀನ್‌ಶಾಟ್ ತೆಗೆದಿಡಿ. ಪುಟವನ್ನು ಅವರು ನಾಳೆ ಬದಲಿಸಬಹುದು. ಇನ್ನು ಮಾಲೇ ಬಾರದೆ, ಫೋನೂ ಸ್ವಿಚ್ ಆಫ್ ಆಗಿ, ವಿಳಾಸವೂ ಸುಳ್ಳೆಂದು ಗೊತ್ತಾದರೆ ಅದು ಗ್ರಾಹಕ ವ್ಯಾಜ್ಯವಲ್ಲ, ಸೈಬರ್ ವಂಚನೆ. ಆಗ 1930ಕ್ಕೆ ಕರೆ ಮಾಡಿ, ಅದೂ ತಡಮಾಡದೆ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ದೂರು ದಾಖಲಾದರೆ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಸುವ ಅವಕಾಶ ಇರುತ್ತದೆ.